ಎರಡು ತಾರೀಖಿನ ನಡುವಿನ ಲೆಕ್ಕ

2024ರ ಸೆಪ್ಟೆಂಬರ್ ಮೊದಲ ವಾರ. ನಮ್ಮ ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ಹೆಣ್ಣುಮಗಳೊಬ್ಬರು ಸಂಜೆ ಮನೆಗೆ ಬಂದರು. ಕೈಯಲ್ಲಿ ಗೃಹಸಾಲ ಕೊಟ್ಟ ಬ್ಯಾಂಕಿನ ನೋಟಿಸು. ಒಂದು ಕಂತು ಬಾಕಿ ಇದೆ, ದಂಡಶುಲ್ಕ ಸೇರಿಸಿ ಕಟ್ಟಿ ಎಂದು ಅದರಲ್ಲಿತ್ತು. "ಅಣ್ಣಾ, ಒಂದು ತಿಂಗಳೂ ತಪ್ಪಿಸಿಲ್ಲ. ಪ್ರತಿ ತಿಂಗಳು 3ನೇ ತಾರೀಖಿನೊಳಗೆ ದುಡ್ಡು ಹಾಕಿದ್ದೀನಿ. ಇವರು ಯಾವ ಕಂತು ಕೇಳ್ತಿದ್ದಾರೆ?" ಎಂದರು. ಪಾಸ್‌ಬುಕ್ ತೋರಿಸಿ ಎಂದೆ. ಅದು ಏಪ್ರಿಲಿನಲ್ಲಿ ಮನೆಗೆ ಸುಣ್ಣ ಬಳಿಸುವಾಗ ಕಳೆದುಹೋಗಿತ್ತು. ಎಂಟ್ರಿ ಹಾಕಿಸಿ ಐದು ತಿಂಗಳಾಗಿತ್ತು.

ಅವರ ಉಳಿತಾಯ ಖಾತೆ ಒಂದು ಬ್ಯಾಂಕಿನಲ್ಲಿ, ಸಾಲ ಇನ್ನೊಂದರಲ್ಲಿ. ತಿಂಗಳ 5ರಂದು ₹12,000 ಕಂತು ಉಳಿತಾಯ ಖಾತೆಯಿಂದ ತಾನಾಗಿಯೇ ಸಾಲದ ಖಾತೆಗೆ ಹೋಗುವಂತೆ ಸಹಿ ಹಾಕಿಕೊಟ್ಟಿದ್ದರು. ಆದ್ದರಿಂದ ಎರಡು ಬ್ಯಾಂಕಿಗೂ ಪತ್ರ ಬರೆಯಬೇಕಿತ್ತು. ಒಂದು ಕಡೆಯ ಕಾಗದದಲ್ಲಿ ಹಣ ಹೊರಟಿತೇ ಎಂದು ಗೊತ್ತಾಗುತ್ತದೆ, ಇನ್ನೊಂದು ಕಡೆಯದರಲ್ಲಿ ತಲುಪಿತೇ ಎಂದು. ಒಂದೇ ಕಾಗದ ಹಿಡಿದು ವಾದ ಮಾಡಲು ಬರುವುದಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಬಹಳ ವರ್ಷ ಕೂತವನು ನಾನು. ಇಂಥ ಪತ್ರಗಳಲ್ಲಿ ಅರ್ಧಕ್ಕರ್ಧ ಏಕೆ ವಾಪಸು ಹೋಗುತ್ತವೆ ಎಂಬುದು ನನಗೆ ಗೊತ್ತು. "ದಯವಿಟ್ಟು ನನ್ನ ಸಾಲದ ಲೆಕ್ಕ ಕೊಡಿ" ಎಂದು ಒಂದೇ ಸಾಲು ಬರೆದು ಕೊಡುತ್ತಾರೆ. ಒಬ್ಬರ ಹೆಸರಿನಲ್ಲಿ ಉಳಿತಾಯ, ಚಿನ್ನದ ಸಾಲ, ಬೆಳೆಸಾಲ, ಗೃಹಸಾಲ ಎಂದು ನಾಲ್ಕು ಖಾತೆ ಇರಬಹುದು, ನಾಲ್ಕಕ್ಕೂ ಬೇರೆ ಬೇರೆ ಸಂಖ್ಯೆ. ಕಂಪ್ಯೂಟರಿನ ಮುಂದೆ ಕೂತ ಗುಮಾಸ್ತರಿಗೆ ಸ್ಟೇಟ್‌ಮೆಂಟ್ ತೆಗೆಯಲು ಬೇಕಾದದ್ದು ಮೂರೇ: ಖಾತೆ ಸಂಖ್ಯೆ, ಯಾವ ತಾರೀಖಿನಿಂದ, ಯಾವ ತಾರೀಖಿನವರೆಗೆ. ಈ ಮೂರು ಇಲ್ಲದ ಪತ್ರ ಎಷ್ಟು ವಿನಯದಿಂದ ಕೂಡಿದ್ದರೂ ಟ್ರೇನಲ್ಲೇ ಉಳಿಯುತ್ತದೆ.

ಬಹಳ ಜನ ಎಡವುವುದು ಉಳಿತಾಯ ಖಾತೆಯ ಸಂಖ್ಯೆಯನ್ನೇ ಸಾಲದ ಖಾತೆಯದೆಂದು ಬರೆದು. ಸಾಲದ ಸಂಖ್ಯೆ ಸಾಲ ಮಂಜೂರಾತಿ ಪತ್ರದಲ್ಲಿ, ನೋಟಿಸಿನಲ್ಲಿ ಇರುತ್ತದೆ. ಇವರ ನೋಟಿಸಿನಿಂದ ನಾನು ಅಂಕಿಗಳನ್ನು ಒಂದೊಂದಾಗಿ ಓದಿದೆ, ಅವರು ಬರೆದುಕೊಂಡರು, ಮತ್ತೆ ಅವರು ಓದಿದರು, ನಾನು ತಾಳೆ ನೋಡಿದೆ. ಒಂದು ಅಂಕಿ ತಪ್ಪಿದರೆ ಬ್ಯಾಂಕಿನಲ್ಲಿ ಬೇರೆಯವರ ಖಾತೆ ತೆರೆದುಕೊಳ್ಳಬಹುದು, ಆಗ ಹೆಸರು ಹೊಂದದೆ ಪತ್ರ ನಿಲ್ಲುತ್ತದೆ.

ಆಮೇಲೆ ಅವಧಿ. ನೋಟಿಸು ಬಂದದ್ದು ಸೆಪ್ಟೆಂಬರಿನಲ್ಲಿ, ಆಗಸ್ಟಿನದು ಕೇಳಿದರೆ ಸಾಕಲ್ಲವೇ ಎಂದರು. ಸಾಲದು. ತೊಂದರೆ ಎಲ್ಲಿ ಶುರುವಾಯಿತೋ ತಿಳಿಯದಿದ್ದಾಗ, ಎಲ್ಲ ಸರಿ ಇತ್ತು ಎಂದು ಖಾತ್ರಿ ಇರುವ ತಿಂಗಳಿಂದ ಕೇಳಬೇಕು. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುವುದರಿಂದ ಅಲ್ಲಿಂದ ಹಿಡಿದರೆ ಆರಂಭದ ಶಿಲ್ಕು ಸ್ಪಷ್ಟವಾಗಿ ಸಿಗುತ್ತದೆ. ಸಾಲದ ಬ್ಯಾಂಕಿಗೆ ನಾವು ಬರೆದದ್ದು ಹೀಗೆ:

ಇಂದ,
(ಸಾಲದ ದಾಖಲೆಯಲ್ಲಿರುವಂತೆ ಪೂರ್ತಿ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ)

ಗೆ,
ಶಾಖಾ ವ್ಯವಸ್ಥಾಪಕರು,
(ಬ್ಯಾಂಕಿನ ಹೆಸರು, ಶಾಖೆ, ಊರು)

ದಿನಾಂಕ: 09-09-2024

ವಿಷಯ: ಗೃಹಸಾಲ ಖಾತೆ ಸಂಖ್ಯೆ ............4417ರ 01-04-2024ರಿಂದ 31-08-2024ರವರೆಗಿನ ಸ್ಟೇಟ್‌ಮೆಂಟ್ ಕೋರಿ.

ಮಾನ್ಯರೇ,

ಮೇಲ್ಕಂಡ ಖಾತೆಯಲ್ಲಿ ನಾನು ಸಾಲಗಾರಳಾಗಿದ್ದೇನೆ. ಒಂದು ಕಂತು ಬಾಕಿ ಇದೆಯೆಂದು ತಮ್ಮ ನೋಟಿಸು ಬಂದಿದೆ. ಯಾವ ತಿಂಗಳ ಕಂತು ಎಂದು ತಿಳಿಯಲು ಮೇಲಿನ ಅವಧಿಯ ಪೂರ್ಣ ಸ್ಟೇಟ್‌ಮೆಂಟನ್ನು, ಜಮಾ ಆದ ಪ್ರತಿ ಕಂತು, ಹಾಕಿದ ಬಡ್ಡಿ, ದಂಡಶುಲ್ಕ ಮತ್ತು ಬಾಕಿ ಮೊತ್ತ ತಾರೀಖಿನ ಸಹಿತ ಕಾಣುವಂತೆ, ಶಾಖೆಯ ಸೀಲು ಮತ್ತು ಸಹಿಯೊಂದಿಗೆ ನೀಡಬೇಕೆಂದು ಕೋರುತ್ತೇನೆ. ಶುಲ್ಕವಿದ್ದರೆ ತಿಳಿಸಿ, ಕಟ್ಟುತ್ತೇನೆ. ಗುರುತಿನ ಚೀಟಿ ಮತ್ತು ನೋಟಿಸಿನ ನಕಲು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)

ಇಷ್ಟೇ. ನನ್ನ ಮಗಳ ಮದುವೆ, ನಮ್ಮ ಯಜಮಾನರ ಆರೋಗ್ಯ ಎಂದು ಬರೆಯಲು ಹೊರಟಿದ್ದರು, ಬೇಡವೆಂದೆ. ಆದರೆ ಯಾಕೆ ಬೇಕು ಎಂಬ ಒಂದು ಸಾಲು ಇರಬೇಕು, ಏಕೆಂದರೆ ಉದ್ದೇಶಕ್ಕೆ ತಕ್ಕಂತೆ ಕಾಗದ ಬದಲಾಗುತ್ತದೆ. ಆದಾಯ ತೆರಿಗೆಗಾದರೆ ಬೇಕಾದದ್ದು ಸ್ಟೇಟ್‌ಮೆಂಟ್ ಅಲ್ಲ, ಆ ವರ್ಷ ಕಟ್ಟಿದ ಅಸಲೆಷ್ಟು ಬಡ್ಡಿಯೆಷ್ಟು ಎಂದು ಬಿಡಿಸಿ ಹೇಳುವ ಬಡ್ಡಿ ಪ್ರಮಾಣಪತ್ರ. ಕೋರ್ಟಿಗಾದರೆ ಬರೀ ಸೀಲು ಸಾಲದು. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಪ್ರಕಾರ ದೃಢೀಕರಿಸಿದ ಪ್ರತಿ ಬೇಕೆಂದು ಕಾಯ್ದೆಯ ಹೆಸರು ಹಾಕಿಯೇ ಕೇಳಬೇಕು.

ಉಳಿತಾಯ ಖಾತೆಯ ಬ್ಯಾಂಕಿಗೆ ಬರೆಯುವಾಗ ಇನ್ನೊಂದು ಎಚ್ಚರ ಬೇಕಿತ್ತು. ಡೂಪ್ಲಿಕೇಟ್ ಪಾಸ್‌ಬುಕ್ ಕೊಟ್ಟರೆ ಹಳೆಯದೆಲ್ಲ ಅದರಲ್ಲಿ ಬಂದುಬಿಡುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ಅಂದಿನ ಶಿಲ್ಕು ಇರುತ್ತದೆ, ಅಲ್ಲಿಂದ ಮುಂದಿನದು ಮಾತ್ರ ಅಚ್ಚಾಗುತ್ತದೆ. ಹಿಂದಿನ ಎಂಟ್ರಿಗಳು ಬೇಕಾದರೆ ಬೇರೆಯಾಗಿ ಕೇಳಬೇಕು, ಅದಕ್ಕೆ ಪುಟದ ಲೆಕ್ಕದಲ್ಲಿ ಬೇರೆ ಶುಲ್ಕ ಹಿಡಿಯುವ ಬ್ಯಾಂಕುಗಳೂ ಇವೆ. ಶುಲ್ಕ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು, ಮೇಲೆ 18% ಜಿಎಸ್‌ಟಿ. ಹಾಗಾಗಿ ಪತ್ರದಲ್ಲಿ ಎರಡು ಬೇಡಿಕೆ ಬಿಡಿಸಿ ಬರೆದೆವು: ಪಾಸ್‌ಬುಕ್ ಕಳೆದುಹೋಗಿದೆ, ಡೂಪ್ಲಿಕೇಟ್ ಕೊಡಿ, ಜೊತೆಗೆ 01-04-2024ರಿಂದ 31-08-2024ರವರೆಗಿನ ಸ್ಟೇಟ್‌ಮೆಂಟ್ ಕೊಡಿ, ಎರಡರ ಶುಲ್ಕವನ್ನೂ ಇದೇ ಖಾತೆಯಿಂದ ಕಡಿತ ಮಾಡಬಹುದು. ಕಳೆದ ಪಾಸ್‌ಬುಕ್ ಸಿಕ್ಕರೆ ಶಾಖೆಗೆ ಒಪ್ಪಿಸುತ್ತೇನೆ ಎಂದೂ ಸೇರಿಸಿದೆವು. ಪುಸ್ತಕ ಕಳೆಯದೆ ಹರಿದೋ ನೆನೆದೋ ಹಾಳಾಗಿದ್ದರೆ ಅದನ್ನೇ ಪತ್ರದ ಜೊತೆ ಕೊಡಬೇಕು. ಪಾಸ್‌ಬುಕ್ಕಿನೊಂದಿಗೆ ಚೆಕ್‌ಬುಕ್ಕೂ ಕಳೆದಿದ್ದರೆ ಪತ್ರ ಬರೆಯುತ್ತ ಕೂರದೆ ಮೊದಲು ಆ ಚೆಕ್ಕುಗಳಿಗೆ ಪಾವತಿ ತಡೆ ಹಾಕಿಸಬೇಕು.

ಸಹಿಯ ವಿಚಾರದಲ್ಲೂ ಅವರು ಒಮ್ಮೆ ತಡವರಿಸಿದರು. ಖಾತೆ ತೆರೆದಾಗ ಕನ್ನಡದಲ್ಲಿ ಸಹಿ ಮಾಡಿದ್ದರು, ಈಚೆಗೆ ಇಂಗ್ಲಿಷಿನಲ್ಲಿ ಮಾಡುವ ರೂಢಿ. ಬ್ಯಾಂಕಿನಲ್ಲಿರುವ ಮಾದರಿ ಸಹಿಗೆ ಹೊಂದುವುದು ಹಳೆಯದೇ. ಜಂಟಿ ಖಾತೆಯಾಗಿದ್ದರೆ, "ಇಬ್ಬರಲ್ಲಿ ಯಾರಾದರೂ" ಎಂಬ ಷರತ್ತಿದ್ದಾಗ ಒಬ್ಬರ ಸಹಿ ಸಾಕು, "ಇಬ್ಬರೂ ಕೂಡಿ" ಎಂದಿದ್ದರೆ ಇಬ್ಬರದೂ ಬೇಕು. ಪಿನ್, ಒಟಿಪಿ, ಎಟಿಎಂ ಕಾರ್ಡಿನ ಹಿಂದಿನ ಮೂರು ಅಂಕಿ ಇವುಗಳಿಗೆ ಇಂಥ ಪತ್ರದಲ್ಲಿ ಜಾಗವೇ ಇಲ್ಲ.

ಕರ್ನಾಟಕದವರಿಗೆ ಇನ್ನೊಂದು ತೊಡಕಿದೆ, ಬ್ಯಾಂಕಿನ ಹೆಸರಿನದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಪೆಟ್ಟಿಗೆಯಲ್ಲಿರುವ ಹಳೆಯ ಪಾಸ್‌ಬುಕ್ ನೋಡಿ ಬರೆಯುವವರು ಈಗಿನ ಬ್ಯಾಂಕಿಗೇ ವಿಳಾಸ ಹಾಕಿ, "ಹಿಂದಿನ ಇಂಥ ಬ್ಯಾಂಕಿನ ಇಂಥ ಶಾಖೆ" ಎಂದು ಹಳೆಯ ಖಾತೆ ಸಂಖ್ಯೆಯನ್ನೂ ಬರೆಯುವುದು ಒಳ್ಳೆಯದು. ತೀರ ಹಳೆಯ ಲೆಕ್ಕ ಮಾತ್ರ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ವಹಿವಾಟಿನ ದಾಖಲೆಗಳನ್ನು ಬ್ಯಾಂಕು ಕನಿಷ್ಠ 5 ವರ್ಷ ಇಡಲೇಬೇಕು. ಆ ಗಡುವು ದಾಟಿದ ಮೇಲೆ ನೀವು ಕೇಳಿದ ಹೊತ್ತಿಗೆ ಅವು ಉಳಿದಿರಬಹುದು, ಇಲ್ಲದೆಯೂ ಇರಬಹುದು.

ಎರಡೂ ಪತ್ರದ ಎರಡೆರಡು ಪ್ರತಿ ಮಾಡಿಸಿದೆವು. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಂಡು ಬನ್ನಿ ಎಂದೆ. ಈ ಸ್ವೀಕೃತಿ ಪ್ರತಿ ಇದ್ದರೆ, ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದಾಗ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವಾಗ ಆಧಾರವಾಗುತ್ತದೆ. ಇವರಿಗೆ ಅದರ ಅಗತ್ಯ ಬೀಳಲಿಲ್ಲ. ನಾಲ್ಕು ದಿನದಲ್ಲಿ ಎರಡೂ ಕಾಗದ ಕೈಗೆ ಬಂದವು.

ಊಟದ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಹರಡಿದೆವು. ಸಾಲದ ಸ್ಟೇಟ್‌ಮೆಂಟಿನಲ್ಲಿ ಏಪ್ರಿಲ್ 1ಕ್ಕೆ ಬಾಕಿ ₹8,00,000, ಬಡ್ಡಿ ದರ 9%. ಏಪ್ರಿಲ್ 5ಕ್ಕೆ ₹12,000 ಜಮಾ, 30ಕ್ಕೆ ಬಡ್ಡಿ ₹5,841. ಈ ಬಡ್ಡಿ ಸರಿಯೇ ಎಂದು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ಬಾಕಿ ₹8,00,000 ಇದ್ದ ಮೊದಲ 4 ದಿನಕ್ಕೆ ದಿನಕ್ಕೆ ₹197.26, ಕಂತು ಕಳೆದು ₹7,88,000 ಆದ ಮೇಲಿನ 26 ದಿನಕ್ಕೆ ದಿನಕ್ಕೆ ₹194.30. ಕೂಡಿದರೆ ₹5,841. ಏಪ್ರಿಲ್ ಸರಿ, ಮೇ ಸರಿ. ಜೂನ್ 5ರ ಎದುರು ಜಮಾ ಇರಲಿಲ್ಲ. ತಿಂಗಳ ಕೊನೆಗೆ ದಂಡಶುಲ್ಕದ ಒಂದು ಸಾಲು ಇತ್ತು.

ಈಗ ಉಳಿತಾಯ ಖಾತೆಯ ಕಾಗದ. ಆ ಖಾತೆಯಲ್ಲಿ ಸಾಮಾನ್ಯವಾಗಿ ಇನ್ನೂರು ಚಿಲ್ಲರೆ ರೂಪಾಯಿ ಬಿಟ್ಟರೆ ಕಂತಿನ ಹಣ ಮಾತ್ರ ಇರುತ್ತಿತ್ತು. ಮದುವೆ ಸೀಸನ್ನಿನ ಹೊಲಿಗೆ ದುಡ್ಡು ಬಂದದ್ದರಿಂದ ಜೂನ್ ಕಂತನ್ನು ಮೇ ತಿಂಗಳಲ್ಲೇ ಹಾಕಿದ್ದರು. ಮೇ 26ಕ್ಕೆ ಶಿಲ್ಕು ₹12,210. ಮೇ 27ರಂದು ಎರಡು ಸಣ್ಣ ಕಡಿತ: ಜೀವನ ಜ್ಯೋತಿ ವಿಮೆಗೆ ₹436, ಸುರಕ್ಷಾ ವಿಮೆಗೆ ₹20. ಪ್ರತಿ ವರ್ಷ ಮೇ ಕೊನೆಗೆ ಕಡಿತವಾಗುವ ಈ ಎರಡು ಕೇಂದ್ರ ಸರ್ಕಾರದ ವಿಮೆಗಳಿಗೆ ಹಿಂದೆ ಎಂದೋ ಸಹಿ ಮಾಡಿದ್ದರು. ಉಳಿದದ್ದು ₹11,754. ಜೂನ್ 5ಕ್ಕೆ ₹12,000ದ ಬೇಡಿಕೆ ಬಂದಾಗ ₹246 ಕಡಿಮೆ. ಇಂಥ ಆದೇಶದಲ್ಲಿ ಇದ್ದಷ್ಟು ಕೊಡುವ ಪದ್ಧತಿ ಇಲ್ಲ, ಪೂರ್ತಿ ಇರಬೇಕು. ಕಂತು ವಾಪಸಾಗಿ, ಅದಕ್ಕೆ ₹295 ಶುಲ್ಕವೂ ಕಡಿತವಾಗಿ ₹11,459 ಅಲ್ಲೇ ಉಳಿದಿತ್ತು.

ಅವರು ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. "ಹಂಗಾದ್ರೆ ದುಡ್ಡು ನನ್ನ ಹತ್ರಾನೇ ಐತೆ."

ಇತ್ತು. ಜುಲೈನಲ್ಲಿ, ಆಗಸ್ಟಿನಲ್ಲಿ ಹಾಕಿದ ಹೊಸ ₹12,000 ಹಾಗೇ ಬಂದು ಹಾಗೇ ಹೋಗುತ್ತಿತ್ತು, ಅಡಿಯಲ್ಲಿ ಇದು ಬಿದ್ದೇ ಇತ್ತು. ಆದರೆ ಸಾಲದ ಕಡೆ ಕಥೆ ಬೇರೆ. ಸಾಮಾನ್ಯವಾಗಿ ಬಂದ ಹಣವನ್ನು ಬ್ಯಾಂಕು ಹಳೆಯ ಬಾಕಿಗೆ ಮೊದಲು ಹಿಡಿಯುತ್ತದೆ. ಜುಲೈ ಕಂತು ಜೂನಿಗೆ ಹೋಯಿತು, ಆಗಸ್ಟಿನದು ಜುಲೈಗೆ. ತಪ್ಪಿದ್ದು ಒಂದೇ ಸಲವಾದರೂ ಪ್ರತಿ ತಿಂಗಳು ತಡವಾಗಿ ಕಟ್ಟಿದಂತೆ ದಾಖಲಾಗುತ್ತಿತ್ತು. ಬ್ಯಾಂಕಿನ ಸಂದೇಶಗಳು ಹೋಗುತ್ತಿದ್ದದ್ದು ಸಾಲ ಮಾಡಿದಾಗ ಕೊಟ್ಟ, ಈಗ ಬಳಕೆಯಲ್ಲಿಲ್ಲದ ನಂಬರಿಗೆ.

ದಂಡಶುಲ್ಕದ ಸಾಲುಗಳನ್ನು ಮತ್ತೊಮ್ಮೆ ನೋಡಿದೆ. ರಿಸರ್ವ್ ಬ್ಯಾಂಕಿನ 2023ರ ಸೂಚನೆಯಂತೆ ಕಂತು ತಪ್ಪಿದ್ದಕ್ಕೆ ಬಡ್ಡಿ ದರ ಏರಿಸುವ ಹಾಗಿಲ್ಲ; ದಂಡಶುಲ್ಕವನ್ನು ಬೇರೆಯಾಗಿ ತೋರಿಸಬೇಕು, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಇಲ್ಲಿ ಬೇರೆಯಾಗಿಯೇ ತೋರಿಸಿದ್ದರು. ಜುಲೈ, ಆಗಸ್ಟಿನ ಬಡ್ಡಿಯನ್ನೂ ಏಪ್ರಿಲಿನಂತೆಯೇ ಲೆಕ್ಕ ಹಾಕಿದೆ, 9%ಕ್ಕೇ ಹೊಂದಿತು. ತಗಾದೆ ಮಾಡುವಂಥದ್ದು ಏನೂ ಇರಲಿಲ್ಲ.

ಮರುದಿನ ಅವರು ₹11,459ಕ್ಕೆ ಉಳಿದ ಕಂತಿನ ಹಣ ಮತ್ತು ದಂಡಶುಲ್ಕ ಸೇರಿಸಿ ಸಾಲದ ಖಾತೆಗೆ ಕಟ್ಟಿದರು. ಹೋಗುವ ಮೊದಲು ಮೂರನೆಯ ಪತ್ರವೊಂದನ್ನು ತಾವೇ ಬರೆದು ತಂದು ತೋರಿಸಿದರು. ಮೊಬೈಲ್ ಸಂಖ್ಯೆ ಬದಲಾಯಿಸಲು ಕೋರಿದ ಪತ್ರ. ವಿಷಯದ ಸಾಲಿನಲ್ಲೇ ಖಾತೆ ಸಂಖ್ಯೆ ಪೂರ್ತಿ ಇತ್ತು, ಕೆಳಗೆ ಹಳೆಯ ಕನ್ನಡ ಸಹಿ ಇತ್ತು.