ಏನೂ ತೆರೆಯಲಿಲ್ಲ ಎಂದರೆ ಹೆಸರು ಖಾಲಿಯೇ?

ಬೆಲ್ಲದ ವ್ಯಾಪಾರಕ್ಕೆ ಇಳಿಯಲು ಹೊರಟ ಓದುಗರೊಬ್ಬರ ಪ್ರಶ್ನೆ ಇದು: ‘ಆಲೆಮನೆ ಬೆಲ್ಲ ಅಂತ ಹೆಸರು ಆರಿಸಿದ್ದೇವೆ. alemanebella.com ಅಂತ ಬ್ರೌಸರ್‌ನಲ್ಲಿ ಹಾಕಿ ನೋಡಿದೆವು, ಏನೂ ತೆರೆಯಲಿಲ್ಲ. ಹಾಗಾದರೆ ಹೆಸರು ಖಾಲಿ ಇದೆ ಅಂತ ತಾನೇ? ಲೇಬಲ್ ಅಚ್ಚಿಗೆ ಕೊಡಬಹುದಾ?’

ಸದ್ಯಕ್ಕೆ ಬೇಡ. ಊರಾಚೆ ಒಂದು ನಿವೇಶನ ಕಾಣುತ್ತದೆ ಅಂದುಕೊಳ್ಳಿ. ಮನೆಯಿಲ್ಲ, ಬೇಲಿಯಿಲ್ಲ, ಮೊಳಕಾಲುದ್ದ ಕಳೆ. ಅಷ್ಟಕ್ಕೇ ಅದು ಯಾರದ್ದೂ ಅಲ್ಲ ಎಂದು ತಳಪಾಯ ತೋಡುವವರು ನಮ್ಮಲ್ಲಿ ಯಾರೂ ಇಲ್ಲ. ಮೊದಲು ಹೋಗಿ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡುತ್ತಾರೆ. ಬ್ರೌಸರ್ ಮಾಡುವುದು ರಸ್ತೆಯಲ್ಲಿ ನಿಂತು ಮನೆ ಇದೆಯೇ ಎಂದು ಇಣುಕುವ ಕೆಲಸ ಮಾತ್ರ. ಅದು ಡಿಎನ್ಎಸ್ ಎಂಬ ವ್ಯವಸ್ಥೆಯನ್ನು ‘ಈ ಹೆಸರಿನ ಕಂಪ್ಯೂಟರ್ ಎಲ್ಲಿದೆ?’ ಎಂದು ಕೇಳುತ್ತದೆ. ಹೆಸರು ಕೊಂಡವರು ಅದಕ್ಕೆ ಇನ್ನೂ ಯಾವ ನೇಮ್‌ಸರ್ವರನ್ನೂ ಜೋಡಿಸದೆ ಸುಮ್ಮನೆ ಇಟ್ಟುಕೊಂಡಿದ್ದರೆ ಡಿಎನ್ಎಸ್‌ನಿಂದ ಬರುವ ಉತ್ತರ ‘ಅಂಥ ಹೆಸರಿಲ್ಲ’ ಎಂದೇ. ಯಾರೂ ಕೊಳ್ಳದ ಹೆಸರಿಗೂ ಅದೇ ಉತ್ತರ. ಎರಡರ ನಡುವಿನ ವ್ಯತ್ಯಾಸ ಖಾತೆ ಪುಸ್ತಕದಲ್ಲಿ ಮಾತ್ರ ಗೊತ್ತಾಗುತ್ತದೆ.

ಮೊದಲು ಹೀಗಿರಲಿಲ್ಲ. ಇಂಟರ್ನೆಟ್ಟಿನ ಪೂರ್ವಜ ಆರ್ಪಾನೆಟ್‌ನಲ್ಲಿ ಎಲ್ಲ ಹೆಸರುಗಳೂ HOSTS.TXT ಎಂಬ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಹೆಸರು ಬೇಕಾದವರು ಅವರನ್ನು ಕೇಳಿದರಾಯಿತು. ಜಾಲ ಬೆಳೆದು ಒಂದು ಕಡತ ಸಾಲದಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ವಿನ್ಯಾಸ ಮಾಡಿ ಹೆಸರುಗಳ ಹೊಣೆಯನ್ನು ಹಂಚಿಬಿಟ್ಟರು. ಈಗ .com ಹೆಸರುಗಳ ಪುಸ್ತಕ ವೆರಿಸೈನ್ ಕಂಪನಿಯ ಬಳಿ ಇದೆ; .in ಪುಸ್ತಕ ನಮ್ಮ ನಿಕ್ಸಿಯ ಬಳಿ. ಒಂದು ಪುಸ್ತಕದಲ್ಲಿ ಖಾಲಿ ಎಂದಿದ್ದರೆ ಇನ್ನೊಂದರಲ್ಲೂ ಖಾಲಿ ಎಂದೇನಿಲ್ಲ.

ಪುಸ್ತಕವನ್ನು ನೇರವಾಗಿ ಕೇಳುವುದು ಕಷ್ಟವಲ್ಲ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಒಂದು ಸಾಲು ಸಾಕು, ಉಳಿದವರು ಬ್ರೌಸರ್‌ನಲ್ಲೇ ಎರಡನೆಯ ಸಾಲನ್ನು ತೆರೆಯಬಹುದು:

```
whois alemanebella.com
https://rdap.verisign.com/com/v1/domain/alemanebella.com
```

ಯಾರೂ ಕೊಂಡಿಲ್ಲದಿದ್ದರೆ ಮೊದಲನೆಯದಕ್ಕೆ `No match for domain` ಎಂಬ ಉತ್ತರ ಬರುತ್ತದೆ, ಎರಡನೆಯದು 404 ಎನ್ನುತ್ತದೆ. ಯಾರಾದರೂ ಕೊಂಡಿದ್ದರೆ ಕೊಂಡ ದಿನ, ಅವಧಿ ಮುಗಿಯುವ ದಿನ, ಸದ್ಯದ ಸ್ಥಿತಿ ಎಲ್ಲ ಕಾಣುತ್ತವೆ. ಅವಧಿ ಮುಗಿದ ದಿನಾಂಕ ನೋಡಿ ಆಸೆ ಪಡಬೇಡಿ. ಹಣ ಕಟ್ಟಲು ಮರೆತ ಹಳೆಯ ಮಾಲೀಕರಿಗೆ ಮಾರಾಟಗಾರ ಕಂಪನಿ 45 ದಿನದವರೆಗೂ ಸಮಯ ಕೊಡಬಹುದು. ಆಮೇಲೆ `redemptionPeriod` ಎಂಬ ಸ್ಥಿತಿಯಲ್ಲಿ 30 ದಿನ, `pendingDelete` ಎಂಬ ಸ್ಥಿತಿಯಲ್ಲಿ ಮತ್ತೆ 5 ದಿನ. ಈ ಕೊನೆಯ ಮೂವತ್ತೈದು ದಿನ ಜಾಲತಾಣ ಸತ್ತಿರುತ್ತದೆ, ಬ್ರೌಸರ್ ಏನೂ ತೋರಿಸುವುದಿಲ್ಲ, ಆದರೂ ಹೆಸರು ಹೊಸಬರಿಗೆ ಸಿಗುವುದಿಲ್ಲ. ಸಿಗುವ ಗಳಿಗೆಗಾಗಿ ಕಾದು ಕುಳಿತ ತಂತ್ರಾಂಶಗಳು ಬೇರೆ ಇವೆ. ಚೆನ್ನಾದ ಹೆಸರಾದರೆ ಅವುಗಳ ಎದುರು ನಮ್ಮ ಬೆರಳು ಗೆಲ್ಲುವುದಿಲ್ಲ.

ಡೊಮೈನ್ ಸಿಕ್ಕಿತು ಎಂದು ನಿಂತುಬಿಡುವವರಿಗೆ ನೆಟ್‌ಫ್ಲಿಕ್ಸ್ ಕಥೆ ಹೇಳಬೇಕು. 2011ರ ಸೆಪ್ಟೆಂಬರ್‌ನಲ್ಲಿ ಕಂಪನಿಯ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್, ಡಿವಿಡಿ ಬಾಡಿಗೆಯ ವ್ಯವಹಾರವನ್ನು ಬೇರ್ಪಡಿಸಿ ಅದಕ್ಕೆ ‘ಕ್ವಿಕ್‌ಸ್ಟರ್’ ಎಂದು ಹೆಸರಿಡುವುದಾಗಿ ಘೋಷಿಸಿದರು. ಜಾಲತಾಣದ ಹೆಸರೂ ಅದೇ ಎಂದರು. ಜನ ಕೂಡಲೇ ಟ್ವಿಟರ್‌ನಲ್ಲಿ @Qwikster ಹುಡುಕಿದರೆ ಅದು ಇನ್ಯಾರದೋ ಖಾತೆ! ಗಾಂಜಾ ಸೇದುವ ಎಲ್ಮೋ ಗೊಂಬೆಯ ಚಿತ್ರ ಹಾಕಿಕೊಂಡು, ಬಾಯಿಗೆ ಬಂದದ್ದು ಬರೆಯುತ್ತಿದ್ದ ಒಬ್ಬ ಹುಡುಗನದು. ಮೊದಲೇ ದರ ಏರಿಕೆಯಿಂದ ಸಿಟ್ಟಾಗಿದ್ದ ಗ್ರಾಹಕರಿಗೆ ನಗಲು ಒಂದು ಕಾರಣವೂ ಸಿಕ್ಕಿತು. ತಿಂಗಳೊಳಗೆ, ಅಕ್ಟೋಬರ್ 10ರಂದು, ಕ್ವಿಕ್‌ಸ್ಟರ್ ಯೋಜನೆಯನ್ನೇ ಕೈಬಿಟ್ಟರು. ಕೈಬಿಡಲು ಮುಖ್ಯ ಕಾರಣ ಗ್ರಾಹಕರ ಕೋಪ, ಹ್ಯಾಂಡಲ್ ಅಲ್ಲ. ಆದರೂ ಘೋಷಣೆಗೆ ಮುಂಚೆ ಒಂದು ನಿಮಿಷ ಹುಡುಕಿದ್ದರೆ ಆ ಮುಜುಗರವಾದರೂ ತಪ್ಪುತ್ತಿತ್ತು.

ಹ್ಯಾಂಡಲ್ ವಿಷಯದಲ್ಲಿ whois ಥರದ ಸಾರ್ವಜನಿಕ ಪುಸ್ತಕ ಇಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಆ ಹೆಸರಿನ ಪುಟ ತೆರೆದರೆ ‘ಲಭ್ಯವಿಲ್ಲ’ ಎಂದು ಬರಬಹುದು. ಖಾತೆ ಎಂದೂ ಇರಲಿಲ್ಲವೋ, ಮಾಲೀಕರು ತಾತ್ಕಾಲಿಕವಾಗಿ ಮುಚ್ಚಿದ್ದಾರೋ, ಕಂಪನಿಯೇ ತಡೆಹಿಡಿದಿದೆಯೋ ಎಂಬುದು ಅದರಿಂದ ತಿಳಿಯುವುದಿಲ್ಲ. ನಂಬಬಹುದಾದ ಪರೀಕ್ಷೆ ಒಂದೇ: ಹೊಸ ಖಾತೆ ತೆರೆಯುವ ಅರ್ಜಿಯಲ್ಲಿ ಆ ಹೆಸರನ್ನು ತುಂಬಿ, ಅದು ಒಪ್ಪುತ್ತದೆಯೇ ನೋಡುವುದು. ಒಪ್ಪಿದರೆ ಅಲ್ಲೇ ಖಾತೆ ತೆರೆದುಬಿಡುವುದು. ‘ನೂರು ಜಾಲತಾಣಗಳಲ್ಲಿ ಒಂದೇ ಕ್ಲಿಕ್ಕಿಗೆ ಹುಡುಕಿಕೊಡುತ್ತೇವೆ’ ಎಂಬ ಸೇವೆಗಳಲ್ಲಿ ಎಷ್ಟೋ ಇಂಥ ಪುಟಗಳನ್ನು ತೆರೆದು ನೋಡಿಯೇ ಹಸಿರು ಗುರುತು ಹಾಕುತ್ತವೆ. ಆ ಹಸಿರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಅಕ್ಷರಗಳ ನಿಯಮವೂ ಎಲ್ಲೆಡೆ ಒಂದೇ ಅಲ್ಲ. ಡೊಮೈನ್ ಹೆಸರಿನಲ್ಲಿ ಅಡ್ಡಗೆರೆ ಬರಬಹುದು, ಕೆಳಗೆರೆ ಬರುವಂತಿಲ್ಲ. ಎಕ್ಸ್‌ನಲ್ಲಿ ಇದರ ತಿರುವುಮುರುವು: ಕೆಳಗೆರೆ ನಡೆಯುತ್ತದೆ, ಅಡ್ಡಗೆರೆ ನಡೆಯದು. ಇನ್‌ಸ್ಟಾಗ್ರಾಮ್ ಕೆಳಗೆರೆಯ ಜೊತೆ ಚುಕ್ಕಿಯನ್ನೂ ಒಪ್ಪುತ್ತದೆ. ಉದ್ದದ ಮಿತಿ ಡೊಮೈನ್‌ಗೆ 63 ಅಕ್ಷರ, ಇನ್‌ಸ್ಟಾಗ್ರಾಮ್‌ಗೆ 30, ಎಕ್ಸ್‌ಗೆ ಬರೀ 15. ಮೂರೂ ಕಡೆ ಒಂದೇ ಹೆಸರು ಬೇಕೆಂದರೆ ಉಳಿಯುವುದು ಹದಿನೈದು ಅಕ್ಷರ ಮೀರದ, ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಹೆಸರು. alemanebella ಹನ್ನೆರಡು ಅಕ್ಷರ, ಪಾಸಾಯಿತು. ಅದು ಯಾರದೋ ಪಾಲಾಗಿದೆ ಎಂದು ಹಿಂದೆ india ಸೇರಿಸಿದರೆ ಹದಿನೇಳಾಗಿ ಎಕ್ಸ್‌ನಿಂದ ಹೊರಬೀಳುತ್ತದೆ. alemane-bella.com ಸಿಕ್ಕರೂ ಎಕ್ಸ್‌ನಲ್ಲಿ ಅದನ್ನು alemane_bella ಎಂದು ಬರೆಯಬೇಕಾಗುತ್ತದೆ, ಗ್ರಾಹಕರಿಗೆ ಫೋನಿನಲ್ಲಿ ಹೇಳುವಾಗ ಎರಡನ್ನೂ ವಿವರಿಸಬೇಕಾಗುತ್ತದೆ.

ಕನ್ನಡದ ಹೆಸರಿಗೆ ಇನ್ನೂ ಒಂದು ತೊಡಕಿದೆ. ‘ಆ’ ದೀರ್ಘ, ಆದ್ದರಿಂದ aalemane ಎಂದು ಬರೆಯುವವರು ಇದ್ದೇ ಇರುತ್ತಾರೆ; ಇನ್ನು ಕೆಲವರು alemaney ಎನ್ನುತ್ತಾರೆ. ಹೆಸರನ್ನು ನಾಲ್ಕು ಜನರಿಗೆ ಬಾಯಲ್ಲಿ ಹೇಳಿ, ಅವರು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನೆಲ್ಲ ಒಂದೊಂದಾಗಿ ಪರೀಕ್ಷೆಗೆ ಹಾಕಬೇಕು. ಒಂದಕ್ಷರದ ಹತ್ತಿರದಲ್ಲಿ ಬೇರೆ ಬೆಲ್ಲದ ವ್ಯಾಪಾರಿ ಇದ್ದರೆ, ನಿಮ್ಮ ಡೊಮೈನ್ ಖಾಲಿ ಇದ್ದದ್ದೂ ರಕ್ಷಣೆ ಕೊಡುವುದಿಲ್ಲ.

ಇದಕ್ಕೆ ಬೆಂಗಳೂರಿನಿಂದ ಹೊರಟ ಮೊಕದ್ದಮೆಯೊಂದಿದೆ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಪದ ಕಟ್ಟಿ, 1999ರಲ್ಲಿ sifynet.com ಮುಂತಾದ ಡೊಮೈನ್‌ಗಳನ್ನು ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿ ಒಂದು f ಹೆಚ್ಚಿಗೆ ಹಾಕಿ siffynet.com ಬಳಸತೊಡಗಿತು. ನೋಂದಣಿಯಲ್ಲಿ ಏನೂ ಅಡ್ಡಿಯಾಗಲಿಲ್ಲ, ಪುಸ್ತಕದ ಪ್ರಕಾರ ಅವೆರಡೂ ಬೇರೆ ಬೇರೆ ಹೆಸರು. ಬೆಂಗಳೂರಿನ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆರವು ಮಾಡಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸಿಫಿಯ ಪರ ನಿಂತಿತು. ಡೊಮೈನ್ ಹೆಸರಿಗೂ ವ್ಯಾಪಾರದ ಗುರುತಿನ ರಕ್ಷಣೆ ಸಲ್ಲುತ್ತದೆ, ಗ್ರಾಹಕರಿಗೆ ಗೊಂದಲವಾಗುವಷ್ಟು ಹೋಲಿಕೆ ಇರುವ ಹೆಸರನ್ನು ತಡೆಯಬಹುದು ಎಂಬುದು ತೀರ್ಪಿನ ತಿರುಳು.

ಹಾಗಾಗಿ ಅಚ್ಚಿನ ಮನೆಗೆ ಹೋಗುವ ಮುಂಚೆ ಭಾರತೀಯ ಟ್ರೇಡ್‌ಮಾರ್ಕ್ ಕಚೇರಿಯ ಸಾರ್ವಜನಿಕ ಹುಡುಕಾಟದಲ್ಲೂ ನೋಡಿ. ಸಕ್ಕರೆ, ಜೇನುತುಪ್ಪದ ಹಾಗೆ ಬೆಲ್ಲವೂ ಬರುವುದು 30ನೇ ವರ್ಗದಲ್ಲಿ. ಅಲ್ಲಿ ಬರೆದ ಪದದ ಹುಡುಕಾಟದ ಜೊತೆಗೆ ಉಚ್ಚಾರಣೆಯ ಹುಡುಕಾಟವೂ ಇದೆ. ಆ ಎರಡನೆಯದನ್ನು ಬಿಡಬೇಡಿ, ಒಂದು a ಅಥವಾ ಒಂದು f ಹೆಚ್ಚುಕಡಿಮೆ ಇರುವ ಹೆಸರುಗಳು ಸಿಕ್ಕಿಬೀಳುವುದು ಅದರಲ್ಲೇ.