ಬೋರ್ಡಿನ ಮೇಲೆ ಏನೆಂದು ಬರೆಸುವುದು?

ಸಾಗರದಂಥ ಊರಲ್ಲಿ ಹಂಚಿನ ಮಾಡು, ಕೆತ್ತನೆಯ ಕಂಬಗಳಿರುವ ಹಳೇ ಮನೆಯೊಂದನ್ನು ದುರಸ್ತಿ ಮಾಡಿಸಿ ಆರು ಕೋಣೆಗಳ ಗೆಸ್ಟ್ ಹೌಸ್ ತೆರೆಯುತ್ತಿದ್ದೀರಿ ಎಂದುಕೊಳ್ಳಿ. ವಾರದ ದಿನಗಳಲ್ಲಿ ಬರುವವರು ಬ್ಯಾಂಕಿನ ಆಡಿಟರು, ಔಷಧ ಕಂಪನಿಯ ಪ್ರತಿನಿಧಿ, ಅಡಿಕೆ ವ್ಯಾಪಾರಿ. ಶನಿವಾರ, ಭಾನುವಾರ ಜೋಗ, ಇಕ್ಕೇರಿ ನೋಡಲು ಹೊರಟ ಸಂಸಾರಗಳು. ಒಂದೇ ಬೋರ್ಡು ಇಬ್ಬರನ್ನೂ ಒಳಗೆ ಕರೆಯಬೇಕು.

ತೊಡಕಿರುವುದು ಹೆಸರಿನ ಬಾಲದಲ್ಲಿ. ‘ಲಾಡ್ಜ್’ ಎಂದು ಬರೆಸಿದರೆ ಮಕ್ಕಳನ್ನು ಕರೆತಂದವರು ಕಾರು ನಿಲ್ಲಿಸಲು ಹಿಂದೆಮುಂದೆ ನೋಡುತ್ತಾರೆ. ‘ಹೋಮ್‌ಸ್ಟೇ’ ಎಂದರೆ ಸರಿಯಾದ ಬಿಲ್ಲು ಸಿಗುತ್ತದೋ, ಬೆಳಗ್ಗೆ ಏಳಕ್ಕೆ ತಿಂಡಿ ಆಗುತ್ತದೋ ಎಂದು ಆಡಿಟರಿಗೆ ಅನುಮಾನ. ‘ನಿಲಯ’ ವಿದ್ಯಾರ್ಥಿಗಳ ಹಾಸ್ಟೆಲ್ಲನ್ನು ನೆನಪಿಸುತ್ತದೆ. ‘ಹೋಟೆಲ್’ ಅಂದರಂತೂ ಮುಗಿಯಿತು, ಮಸಾಲೆ ದೋಸೆ ಇದೆಯಾ ಎಂದು ಕೇಳಿಕೊಂಡೇ ಜನ ಬರುತ್ತಾರೆ. ‘ಗೆಸ್ಟ್ ಹೌಸ್’ ಸ್ವಲ್ಪ ಸಪ್ಪೆ, ಆದರೆ ಇಬ್ಬರಿಗೂ ಒಗ್ಗುತ್ತದೆ. ‘ಹೆರಿಟೇಜ್’ ಸೇರಿಸುವ ಮುನ್ನ ಮನೆಯ ವಯಸ್ಸು ನೋಡಿಕೊಳ್ಳಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೆರಿಟೇಜ್ ಹೋಟೆಲ್ ವರ್ಗೀಕರಣಕ್ಕೆ ಕಟ್ಟಡ 1950ಕ್ಕಿಂತ ಹಳೆಯದಿರಬೇಕು, ಕನಿಷ್ಠ ಐದು ಕೋಣೆಗಳಿರಬೇಕು.

ಇನ್ನು ಮುಖ್ಯ ಹೆಸರು. ‘ಜೋಗ’ ಎಂದು ಸೇರಿಸುವ ಆಸೆ ಎಲ್ಲರಿಗೂ. ಜಲಪಾತ ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರು. ಕಿಟಕಿ ತೆರೆದರೆ ನೀರು ಕಾಣುತ್ತದೆ ಎಂದು ನಂಬಿ ಬಂದವರ ಸಿಟ್ಟಿಗೆ ನೀವೇ ಗುರಿ. ಮೇಲಾಗಿ ಬರೀ ಊರಿನ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ‘ದೊಡ್ಮನೆ’ ಹಿಂದೊಮ್ಮೆ ಚೆನ್ನಾಗಿತ್ತು, ಈಗ ಕೇಳಿದವರಿಗೆ ಟಿವಿಯ ಜಗಳಗಳೇ ಕಣ್ಣಿಗೆ ಕಟ್ಟುತ್ತವೆ. ‘ಹಳೆಮನೆ’ಯನ್ನು ಒಬ್ಬರು Halemane ಎಂದು, ಮತ್ತೊಬ್ಬರು Hale Mane ಎಂದು, ಇನ್ನೊಬ್ಬರು Halemaney ಎಂದು ಟೈಪ್ ಮಾಡುತ್ತಾರೆ. ಮ್ಯಾಪಿನಲ್ಲಿ ನಿಮ್ಮ ಬದಲು ಇನ್ಯಾರದೋ ಮನೆ ಸಿಕ್ಕರೆ ಆಶ್ಚರ್ಯವಿಲ್ಲ.

ನನ್ನ ಮತ ‘ಜಗಲಿ’ಗೆ. ಬಾಯಿಗೆ ಸಲೀಸು, Jagali ಬಿಟ್ಟು ಬೇರೆ ಸ್ಪೆಲ್ಲಿಂಗಿಗೆ ಹೆಚ್ಚು ಎಡೆಯಿಲ್ಲ. ಸಂಜೆ ಮನೆಮಂದಿ ಕೂತು ಹರಟುವ ಜಾಗವೂ ಅದೇ, ದಾರಿಹೋಕರು ರಾತ್ರಿ ಕಳೆಯುತ್ತಿದ್ದ ಜಾಗವೂ ಅದೇ. ಹಾಗೆಂದು ಆ ಮನೆಗೆ ನಿಜಕ್ಕೂ ಜಗಲಿ ಇರಬೇಕು, ಅದನ್ನು ಗಾಜು ಹಾಕಿ ಮುಚ್ಚಿ ರಿಸೆಪ್ಷನ್ ಮಾಡಿಬಿಟ್ಟರೆ ಹೆಸರು ಅಣಕವಾದೀತು. ಇಷ್ಟು ಬಳಕೆಯ ಪದವನ್ನು ಬೇರೆಯವರೂ ಹಿಡಿದಿರುವ ಸಂಭವ ಇದೆ. ಹಾಗಾಗಿ ಟ್ರೇಡ್‌ಮಾರ್ಕ್ ನೋಂದಣಿಯ ವೆಬ್‌ಸೈಟಿನಲ್ಲಿ ವಸತಿ ಸೇವೆಗಳಿರುವ 43ನೇ ವರ್ಗದಲ್ಲಿ ಹುಡುಕಿ, ಸಿಕ್ಕರೆ ಮನೆತನದ ಹೆಸರನ್ನೋ ಬೀದಿಯ ಹೆಸರನ್ನೋ ಮುಂದೆ ಜೋಡಿಸಿ ಮತ್ತೆ ಹುಡುಕಿ.

ಪರೀಕ್ಷೆ ಸುಲಭ. ಬೆಂಗಳೂರಿನ ಪರಿಚಿತರಿಗೆ ಫೋನಿನಲ್ಲಿ ಒಮ್ಮೆ ಮಾತ್ರ ಹೆಸರು ಹೇಳಿ, ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ. ಆಮೇಲೆ ಬಸ್‌ಸ್ಟ್ಯಾಂಡಿನ ಆಟೋದವರ ಬಾಯಲ್ಲಿ ಹೇಳಿಸಿ ನೋಡಿ. ಎರಡೂ ಕಡೆ ಪಾಸಾದರೆ ಬೋರ್ಡು ಬರೆಸಬಹುದು. ಅದರಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು ರಾಜ್ಯದ 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಜಿಎಸ್‌ಟಿ ನೋಂದಣಿಯಲ್ಲಿ ವ್ಯಾಪಾರದ ಹೆಸರಿನ ಜಾಗದಲ್ಲೂ ಅದನ್ನೇ ತುಂಬಿಸಿ. ಬೋರ್ಡಿನಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು ಹೆಸರಿದ್ದರೆ ಆಡಿಟರ ಆಫೀಸಿನವರು ಆ ಬಿಲ್ಲನ್ನು ವಾಪಸ್ ಕಳಿಸಿಬಿಡಬಹುದು.