ಎಲ್ಲಾ ಓಪನ್ ಆಗ್ತಿದೆ, ಇದೊಂದೇ ಆಗ್ತಿಲ್ಲ: ಸರ್ವರ್ ಡೌನಾ, ಬ್ಲಾಕಾ?

ಶಿಕಾರಿಪುರವಾಗಲಿ ಸೊರಬವಾಗಲಿ, ತಾಲ್ಲೂಕು ಕಚೇರಿಯ ಆಸುಪಾಸಿನ ಆನ್‌ಲೈನ್ ಅಂಗಡಿಗಳಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಯಾವುದು ಗೊತ್ತಾ? 'ಸರ್ವರ್ ಡೌನ್ ಇದೆ, ನಾಳೆ ಬನ್ನಿ'. ಆನವಟ್ಟಿ ಕಡೆಯಿಂದ ಬಸ್ಸು ಹತ್ತಿ ಸೊರಬಕ್ಕೆ ಬಂದ ರೈತನಿಗೆ ಈ ಮಾತು ಅಂದರೆ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಹೋಯಿತು ಅಂತ. ಅದೇ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಓಡುತ್ತಿರುತ್ತದೆ, ಮೇಲ್ ಹೋಗುತ್ತಿರುತ್ತದೆ. ಬೇಕಾದ ಒಂದು ವೆಬ್‌ಸೈಟ್ ಮಾತ್ರ ತೆರೆಯುವುದಿಲ್ಲ. ಇದು ನಿಜಕ್ಕೂ ಬೆಂಗಳೂರಿನ ಸರ್ವರ್ ಕೆಟ್ಟಿದ್ದೋ, ಇಲ್ಲೇ ನಮ್ಮ ಲೈನಿನಲ್ಲಿ ಯಾರೋ ಬಾಗಿಲು ಹಾಕಿದ್ದೋ? ಮೊದಲನೆಯದಾದರೆ ಕಾಯುವುದು ಬಿಟ್ಟು ದಾರಿಯಿಲ್ಲ. ಎರಡನೆಯದಾದರೆ ಬೇರೆ ಸಿಮ್ಮಿನಿಂದ ಐದೇ ನಿಮಿಷದಲ್ಲಿ ಕೆಲಸ ಮುಗಿಯಬಹುದು.

ಮೊದಲ ಪರೀಕ್ಷೆ ಅದೇ: ದಾರಿ ಬದಲಿಸಿ ನೋಡುವುದು. ಅಂಗಡಿಯ ಬ್ರಾಡ್‌ಬ್ಯಾಂಡ್ ಒಂದು ಕಂಪನಿಯದ್ದಾದರೆ, ಬೇರೆ ಕಂಪನಿಯ ಸಿಮ್ ಇರುವ ಫೋನಿನಲ್ಲಿ ವೈಫೈ ಆಫ್ ಮಾಡಿ ಅದೇ ವಿಳಾಸ ತೆರೆಯಿರಿ. ವೈಫೈ ಆಫ್ ಮಾಡುವುದನ್ನು ಮರೆತರೆ ಪರೀಕ್ಷೆಯೇ ಆಗಲಿಲ್ಲ, ಫೋನು ಅದೇ ಬ್ರಾಡ್‌ಬ್ಯಾಂಡಿನಲ್ಲೇ ಹೋಗುತ್ತಿರುತ್ತದೆ. ಅಲ್ಲಿ ತೆರೆಯಿತು ಅಂದರೆ ಸರ್ವರ್ ಜೀವಂತ ಇದೆ, ತೊಂದರೆ ನಿಮ್ಮ ಕಂಪ್ಯೂಟರಿಗೂ ನಿಮ್ಮ ಇಂಟರ್ನೆಟ್ ಕಂಪನಿಗೂ ನಡುವೆ, ಇಲ್ಲವೇ ಆ ಕಂಪನಿಯೊಳಗೆ ಎಲ್ಲೋ ಇದೆ. ಎಲ್ಲ ದಾರಿಯಲ್ಲೂ ತೆರೆಯಲಿಲ್ಲ ಅಂದರೆ ಮಾತ್ರ 'ಡೌನ್' ಅನ್ನುವ ಅನುಮಾನಕ್ಕೆ ಬಲ ಬರುತ್ತದೆ. ಅಲ್ಲಿಗೂ ಅದು ಅನುಮಾನವೇ, ಯಾಕೆಂದರೆ ಎಲ್ಲ ಕಂಪನಿಗಳೂ ಒಂದೇ ಸೈಟನ್ನು ತಡೆದಿರಬಹುದು.

ಆಗ ಪರದೆಯ ಮೇಲಿನ ಬರಹ ಓದಬೇಕು. ಬ್ರೌಸರ್ ಒಂದು ಸೈಟ್ ತೆರೆಯಲು ಮೂರು ಹೆಜ್ಜೆ ಇಡುತ್ತದೆ. ಹೆಸರನ್ನು ಕೊಟ್ಟು ನಂಬರ್ ವಿಳಾಸ ಕೇಳುತ್ತದೆ (ಇದೇ ಡಿಎನ್‌ಎಸ್), ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತದೆ, ಆಮೇಲೆ ಒಳಗಿನಿಂದ ಉತ್ತರ ಕಾಯುತ್ತದೆ. `502 Bad Gateway`, `503 Service Unavailable` ಥರದ, ಐದರಿಂದ ಶುರುವಾಗುವ ಮೂರಂಕಿಯ ಸಂಖ್ಯೆ ಕಂಡರೆ ನೀವು ಆ ಬಾಗಿಲವರೆಗೆ ಹೋಗಿ ಮುಟ್ಟಿದ್ದೀರಿ ಅಂತ ಅರ್ಥ. ಉತ್ತರ ಬಂದಿದ್ದು ಆಚೆಯಿಂದ, ಕೆಟ್ಟಿದ್ದೂ ಆಚೆಯೇ. ಸಿಮ್ ಬದಲಿಸಿ ಪ್ರಯೋಜನವಿಲ್ಲ.

2025ರ ಆರಂಭದಲ್ಲಿ ನಮ್ಮ ಕಾವೇರಿ 2.0ಕ್ಕೆ ಆಗಿದ್ದು ಈ ಜಾತಿಯದ್ದು. ಉಪನೋಂದಣಿ ಕಚೇರಿಗಳು ನಿಂತೇಹೋದವು, ಇಸಿ ಸಿಗಲಿಲ್ಲ, ಕ್ರಯಪತ್ರ ನೋಂದಣಿ ಆಗಲಿಲ್ಲ. ತಾಂತ್ರಿಕ ದೋಷ ಅಂತ ಶುರುವಾದ ಮಾತು ಕೊನೆಗೆ ದಾಳಿ ಅಂತ ಗೊತ್ತಾಯಿತು. ನಕಲಿ ಖಾತೆಗಳನ್ನು ತೆರೆದು, ಯಂತ್ರದಿಂದ ಲಕ್ಷಗಟ್ಟಲೆ ಕೋರಿಕೆಗಳನ್ನು ಒಟ್ಟಿಗೆ ಕಳಿಸಿ ಸರ್ವರಿಗೆ ಉಸಿರಾಡಲು ಬಿಟ್ಟಿರಲಿಲ್ಲ. ಪೊಲೀಸ್ ದೂರೂ ದಾಖಲಾಯಿತು. ಇಂಥ ಹೊತ್ತಲ್ಲಿ ಪುಟ ಒಮ್ಮೆ ತೆರೆಯುತ್ತದೆ, ಲಾಗಿನ್ ಆಗುವಷ್ಟರಲ್ಲಿ ನಿಲ್ಲುತ್ತದೆ, ಮತ್ತೆ ಒಂದು ನಿಮಿಷಕ್ಕೆ ಬರುತ್ತದೆ. ಈ ತೊದಲುವಿಕೆಯೇ ಗುರುತು. ಬೇಕಂತಲೇ ಹಾಕಿದ ತಡೆ ಸಾಮಾನ್ಯವಾಗಿ ತೊದಲುವುದಿಲ್ಲ. ಹತ್ತು ಸಲ ಪ್ರಯತ್ನಿಸಿದರೆ ಹತ್ತೂ ಸಲ ಒಂದೇ ಜಾಗದಲ್ಲಿ, ಒಂದೇ ರೀತಿ ನಿಲ್ಲಿಸುತ್ತದೆ.

ಇದಕ್ಕೆ ತದ್ವಿರುದ್ಧದ ಉದಾಹರಣೆ ವಿಎಲ್‌ಸಿ. ವಿಡಿಯೋ ನೋಡಲು ಅರ್ಧ ಊರೇ ಬಳಸುವ ಆ ಪ್ಲೇಯರಿನ ವೆಬ್‌ಸೈಟ್ videolan.org 2022ರಲ್ಲಿ ಭಾರತದಲ್ಲಿ ಹಲವು ತಿಂಗಳು ತೆರೆಯಲಿಲ್ಲ. ಉಳಿದ ಜಗತ್ತಿಗೆ ಸೈಟು ಆರಾಮಾಗಿ ನಡೆಯುತ್ತಿತ್ತು. ಆ ವರ್ಷ ಶಿಕಾರಿಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನನ್ನ ಮಾವನ ಮಗ ಫೋನ್ ಮಾಡಿ, 'ಭಾವ, ಫ್ರಾನ್ಸಿನವರ ಸರ್ವರ್ ಎರಡು ವಾರದಿಂದ ಡೌನ್ ಅಂತೆ ಕಣೋ' ಅಂದಿದ್ದ. ಎರಡು ವಾರ ಡೌನ್ ಇದ್ದರೆ ಜಗತ್ತೇ ಬೊಬ್ಬೆ ಹೊಡೆಯುತ್ತಿತ್ತಲ್ಲ ಮಾರಾಯ ಅಂತ ಹೇಳಿ, ಕಮಾಂಡ್ ಪ್ರಾಂಪ್ಟ್ ತೆರೆಸಿ ಈ ಮೂರು ಸಾಲು ಹೊಡೆಸಿದೆ:

```
nslookup www.videolan.org
nslookup www.videolan.org 1.1.1.1
curl -v https://www.videolan.org
```

ಮೊದಲ ಸಾಲು ನಿಮ್ಮ ಕಂಪನಿಯ ಡಿಎನ್‌ಎಸ್ಸನ್ನು ವಿಳಾಸ ಕೇಳುತ್ತದೆ, ಎರಡನೆಯದು ಕ್ಲೌಡ್‌ಫ್ಲೇರ್‌ನದನ್ನು ಕೇಳುತ್ತದೆ. ಎರಡು ಉತ್ತರ ಬೇರೆಯಾದ ಮಾತ್ರಕ್ಕೆ ಮೋಸ ಅಂದುಕೊಳ್ಳಬೇಡಿ. ದೊಡ್ಡ ಸೈಟುಗಳಿಗೆ ಹತ್ತಾರು ವಿಳಾಸ ಇರುತ್ತವೆ. ಆದರೆ ಮೊದಲನೆಯದು `127.0.0.1` ಅಥವಾ `0.0.0.0` ಅಂತ ಕೊಟ್ಟರೆ, ಇಲ್ಲವೇ ಅಂಥ ಹೆಸರೇ ಇಲ್ಲ ಅಂದರೆ, ಎರಡನೆಯದು ಸರಿಯಾದ ವಿಳಾಸ ಕೊಟ್ಟರೆ, ತಡೆ ಇಲ್ಲೇ ಇದೆ. ಅವನಿಗೆ ಎರಡೂ ಕಡೆ ಒಂದೇ ವಿಳಾಸ ಬಂತು. ಮೂರನೆಯ ಸಾಲು ಆ ವಿಳಾಸಕ್ಕೆ `Connected` ಅಂದಿತು, ಆಮೇಲೆ `Client hello` ಕಳಿಸಿದ ತಕ್ಷಣ `Connection reset` ಆಯಿತು. ಅವನ ಫೋನಿನ ಬೇರೆ ಕಂಪನಿಯ ಸಿಮ್ಮಿನಲ್ಲಿ ಪುಟ ಕೂಡಲೇ ತೆರೆಯಿತು.

ಇದರ ಒಳಗುಟ್ಟು ಹೀಗೆ. https ಸೈಟಿನ ಜತೆ ನಾವು ಆಡುವ ಮಾತು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೋಗುತ್ತದೆ. ಆದರೆ ಯಾವ ಸೈಟು ಅನ್ನುವ ಹೆಸರು ಮೊದಲ ಪ್ಯಾಕೆಟ್ಟಿನಲ್ಲಿ ಬಹುತೇಕ ಬಹಿರಂಗವಾಗಿಯೇ ಇರುತ್ತದೆ, ಪೋಸ್ಟ್ ಕವರಿನ ಮೇಲಿನ ವಿಳಾಸದ ಹಾಗೆ. ಕಂಪನಿಯ ಯಂತ್ರ ಆ ಹೆಸರು ಓದಿ, ಪಟ್ಟಿಯಲ್ಲಿದ್ದರೆ ಸಂಪರ್ಕ ಕಡಿದುಹಾಕುತ್ತದೆ. ಈ ವಿಧಾನದಲ್ಲಿ ಡಿಎನ್‌ಎಸ್ ಬದಲಿಸಿದರೂ ಏನೂ ಆಗುವುದಿಲ್ಲ. ಐಟಿ ಕಾಯ್ದೆಯ 69ಎ ಅಡಿ ಸರ್ಕಾರ ಆದೇಶ ಕೊಡುತ್ತದೆ, ತಡೆ ಹಾಕುವುದು ಮಾತ್ರ ಒಂದೊಂದು ಕಂಪನಿಯೂ ತನ್ನದೇ ರೀತಿಯಲ್ಲಿ. ಒಬ್ಬರು ಡಿಎನ್‌ಎಸ್ಸಿನಲ್ಲಿ, ಇನ್ನೊಬ್ಬರು ಹೆಸರು ಓದಿ. ಪಟ್ಟಿಗಳೂ ಒಂದಕ್ಕೊಂದು ಹೊಂದುವುದಿಲ್ಲ. ಹಾಗಾಗಿಯೇ ಪಕ್ಕದ ಮನೆಯಲ್ಲಿ ತೆರೆಯುವ ಸೈಟ್ ನಿಮ್ಮಲ್ಲಿ ತೆರೆಯದಿರುವುದು.

ಡಿಎನ್‌ಎಸ್ ಕೈಕೊಟ್ಟ ತಕ್ಷಣ ಬ್ಲಾಕ್ ಅಂತಲೂ ತೀರ್ಪು ಕೊಡಬಾರದು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ಮಾಯವಾದವಲ್ಲ, ಆಗಲೂ ಹೆಸರಿಗೆ ವಿಳಾಸವೇ ಸಿಗುತ್ತಿರಲಿಲ್ಲ. ಫೇಸ್‌ಬುಕ್ ತನ್ನದೇ ಜಾಲವನ್ನು ಸರಿಪಡಿಸಲು ಹೋಗಿ, ತನ್ನ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯನ್ನೇ ಅಳಿಸಿಕೊಂಡಿತ್ತು. ವ್ಯತ್ಯಾಸ ಏನೆಂದರೆ ಆವತ್ತು `1.1.1.1` ಕೇಳಿದರೂ, ಜಗತ್ತಿನ ಯಾವ ಮೂಲೆಯಿಂದ ಕೇಳಿದರೂ ಉತ್ತರವಿರಲಿಲ್ಲ.

ಜಗತ್ತಿನ ಮೂಲೆ ಅಂದಾಗ ಅಮೆರಿಕದಲ್ಲಿರುವ ಮಗನಿಗೆ ಫೋನ್ ಮಾಡಿ 'ನಿನಗೆ ಓಪನ್ ಆಗತ್ತಾ ನೋಡು' ಅನ್ನುವ ರೂಢಿ ನಮ್ಮಲ್ಲಿದೆ. ವಿಎಲ್‌ಸಿಯಂಥ ಸೈಟಿಗೆ ಅದು ಒಳ್ಳೆಯ ಪರೀಕ್ಷೆ. ಸರ್ಕಾರಿ ಸೈಟಿಗೆ ಅರ್ಧ ಪರೀಕ್ಷೆ ಮಾತ್ರ. ನಮ್ಮ ಎಷ್ಟೋ ಸರ್ಕಾರಿ ಸೈಟುಗಳು ಹೊರದೇಶದ ವಿಳಾಸಗಳನ್ನು ಒಳಗೇ ಬಿಡುವುದಿಲ್ಲ. ಅಲ್ಲಿ ತೆರೆದರೆ ಸರ್ವರ್ ಸರಿಯಿದೆ ಅಂತ ಖಾತ್ರಿ. ತೆರೆಯದಿದ್ದರೆ ಏನೂ ಸಾಬೀತಾಗಲಿಲ್ಲ. 'ಈ ಸೈಟ್ ಡೌನ್ ಇದೆಯಾ' ಅಂತ ಹೇಳುವ ವೆಬ್‌ಸೈಟುಗಳಿಗೂ ಇದೇ ಮಿತಿ, ಅವೂ ಹೆಚ್ಚಿನಂಶ ಹೊರಗೆ ಕೂತೇ ನೋಡುವುದು.

ಕಂಪನಿಯನ್ನು ಬೈಯುವ ಮುಂಚೆ ಸ್ವಂತ ಫೋನನ್ನೂ ಒಮ್ಮೆ ನೋಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸಿನಲ್ಲಿ `Private DNS` ಅಂತ ಇದೆ. ಜಾಹೀರಾತು ಬರದಿರಲಿ ಅಂತ ಯಾರೋ ಅಲ್ಲಿ `dns.adguard.com` ಹಾಕಿಕೊಟ್ಟಿದ್ದರೆ, ಅದೇ ಕೆಲವು ಆ್ಯಪ್‌ಗಳನ್ನು ನಿಲ್ಲಿಸಿರಬಹುದು. ಇದಕ್ಕೆ ಸಿಮ್ ಬದಲಿಸಿದರೂ ಉತ್ತರ ಸಿಗುವುದಿಲ್ಲ, ಫೋನನ್ನೇ ಬದಲಿಸಿ ನೋಡಬೇಕು. ಆ್ಯಪ್ ಮಾತ್ರ ಕೈಕೊಟ್ಟು ಅದರದೇ ವೆಬ್‌ಸೈಟ್ ಬ್ರೌಸರಿನಲ್ಲಿ ತೆರೆದರೆ, ಆ ಆ್ಯಪ್‌ಗೆ ಮೊಬೈಲ್ ಡೇಟಾ ಅನುಮತಿ ಇದೆಯೋ ಇಲ್ಲವೋ ನೋಡಿ.

ಇಷ್ಟಾದ ಮೇಲೂ ತಡೆಯೇ ಅಂತ ಗೊತ್ತಾದರೆ, ಯಾವ ಕಂಪನಿಯ ಲೈನು, ಯಾವ ಹೊತ್ತು, ಪರದೆಯಲ್ಲಿ ಬಂದ ಬರಹ ಏನು, ಬೇರೆ ಯಾವ ಲೈನಿನಲ್ಲಿ ತೆರೆಯಿತು ಅನ್ನುವುದನ್ನು ಸ್ಕ್ರೀನ್‌ಶಾಟ್ ಸಮೇತ ಕಂಪನಿಗೂ ಸೈಟಿನವರಿಗೂ ಕಳಿಸಿ. ಸೈಟಿನವರಿಗೆ ಯಾಕೆ ಅಂದರೆ, ಅವರಿಗೆ ಗೊತ್ತೇ ಇಲ್ಲದಿರಬಹುದು. 69ಎ ಆದೇಶಗಳನ್ನು ಗೋಪ್ಯವಾಗಿಡಬೇಕು ಅಂತ ನಿಯಮವೇ ಇದೆ. ವಿಎಲ್‌ಸಿಯವರಿಗೂ ನೋಟಿಸ್ ಬಂದಿರಲಿಲ್ಲ. ಭಾರತದಿಂದ ಬರುವ ಜನ ಇದ್ದಕ್ಕಿದ್ದಂತೆ ಕಡಿಮೆಯಾಗಿದ್ದನ್ನು ನೋಡಿಯೇ ಅವರಿಗೆ ಅನುಮಾನ ಬಂದಿದ್ದು. ಆ ವರ್ಷದ ಅಕ್ಟೋಬರಿನಲ್ಲಿ ಅವರು ಸರ್ಕಾರಕ್ಕೆ ಲೀಗಲ್ ನೋಟಿಸ್ ಕಳಿಸಿ ಆದೇಶದ ಪ್ರತಿ ಕೇಳಿದರು. ನವೆಂಬರಿನಲ್ಲಿ ತಡೆ ತೆರವಾಯಿತು.